‘ಗ್ಯಾಸ್ಟ್ರಿಕ್’ ಅಂದುಕೊಂಡ ಎದೆ ಉರಿ ಹೃದಯಾಘಾತವಾಗಿದ್ದರೆ: ಯಾವ ಹೊತ್ತಿನಲ್ಲಿ ಏನು ಮಾಡಬೇಕು

ಸುರೇಶ್ ಅನ್ನುವುದು ನಾನು ಇಟ್ಟ ಹೆಸರು. ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಹಲವರ ಕತೆಯನ್ನು ಒಬ್ಬನ ಮೇಲೆ ಹೊರಿಸಿದ್ದೇನೆ. ವಯಸ್ಸು ನಲವತ್ತನಾಲ್ಕು. ಯಶವಂತಪುರದ ಹತ್ತಿರ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ದಿನಕ್ಕೆ ಐದಾರು ಸಿಗರೇಟು, ತಂದೆಗೆ ಸಕ್ಕರೆ ಕಾಯಿಲೆ, ತನ್ನದು ‘ಬಾರ್ಡರ್‌ನಲ್ಲಿದೆ’ ಎಂದು ಎರಡು ವರ್ಷದ ಹಿಂದೆ ಯಾರೋ ಹೇಳಿದ್ದು. ಡ್ರಾಯರಿನಲ್ಲಿ ಆಸಿಡಿಟಿ ಮಾತ್ರೆಯ ಸ್ಟ್ರಿಪ್ ಸದಾ ಇರುತ್ತಿತ್ತು. ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸಿದ್ದು ಆ ಸ್ಟ್ರಿಪ್ಪೇ. ಹತ್ತು ವರ್ಷದಿಂದ ಎದೆ ಉರಿ ಇದ್ದವನಿಗೆ ಹನ್ನೊಂದನೇ ವರ್ಷ ಬಂದ ಉರಿಯೂ ಹಳೆಯದೇ ಎಂದು ಎಲ್ಲರಿಗೂ ಅನ್ನಿಸಿಬಿಡುತ್ತದೆ, ಅವನಿಗೂ ಕೂಡ.

ಸುರೇಶ್ ಅವರ ಆ ಮೂರು ದಿನವನ್ನು ಹಿಡಿದುಕೊಂಡೇ ಹೋಗೋಣ. ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ನಿಂತು, ಅಲ್ಲಿ ಮಾಡಬೇಕಾದದ್ದು ಏನು ಎಂದು ನೋಡೋಣ.

ಹಂತ 1: ಎರಡು ದಿನ ಮೊದಲೇ ಬಂದ ಸುಳಿವನ್ನು ಗುರುತಿಸುವುದು

ಭಾನುವಾರ ಸಂಜೆ ಅಕ್ಕಿ ಚೀಲ ಹೊತ್ತು ಎರಡನೇ ಮಹಡಿ ಹತ್ತುವಾಗ ಎದೆಯ ನಡುವೆ, ಹೊಟ್ಟೆಗಿಂತ ಒಂದಿಷ್ಟು ಮೇಲೆ, ಉರಿಯೂ ಬಿಗಿತವೂ ಬೆರೆತ ಹಾಗಾಯಿತು. ಚೀಲ ಇಳಿಸಿ ಕೂತರೆ ನಾಲ್ಕು ನಿಮಿಷದಲ್ಲಿ ಹೋಯಿತು. ಸೋಮವಾರ ಮೆಟ್ರೋ ನಿಲ್ದಾಣದ ಮೆಟ್ಟಿಲಲ್ಲಿ ಮತ್ತೆ ಅದೇ. ನಿಂತರು, ಹೋಯಿತು. ರಾತ್ರಿ ಹೆಂಡತಿ ಜೀರಿಗೆ ಕಷಾಯ ಮಾಡಿಕೊಟ್ಟರು.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ನೋವು’ ಅನ್ನುವುದಲ್ಲ, ‘ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ’ ಅನ್ನುವುದು. ಆಸಿಡಿಟಿಗೆ ಮೆಟ್ಟಿಲಿನ ಲೆಕ್ಕ ಗೊತ್ತಿಲ್ಲ. ಅದು ಹೊಟ್ಟೆ ಬಿರಿಯ ಉಂಡಾಗ, ಉಂಡ ಕೂಡಲೇ ಮಲಗಿದಾಗ, ಬಗ್ಗಿದಾಗ ಬರುತ್ತದೆ. ಗಂಟಲಿಗೆ ಹುಳಿ ತೇಗು ಬರುತ್ತದೆ. ನಡೆದರೆ, ಹತ್ತಿದರೆ, ಭಾರ ಎತ್ತಿದರೆ ಬಂದು, ನಿಂತರೆ ಕೆಲವೇ ನಿಮಿಷದಲ್ಲಿ ಇಳಿಯುವ ಉರಿ ಬೇರೆಯದು. ಹೃದಯದ ರಕ್ತನಾಳ ಕಿರಿದಾಗಿದ್ದಾಗ, ಕೆಲಸ ಹೆಚ್ಚಾದರೆ ಸ್ನಾಯುವಿಗೆ ರಕ್ತ ಸಾಲದು, ವಿಶ್ರಾಂತಿಯಲ್ಲಿ ಸಾಕಾಗುತ್ತದೆ. ಇದಕ್ಕೆ ಆಂಜೈನಾ ಎನ್ನುತ್ತಾರೆ. ಹೊಸದಾಗಿ ಶುರುವಾದ ಆಂಜೈನಾ, ದಿನದಿಂದ ದಿನಕ್ಕೆ ಕಡಿಮೆ ಶ್ರಮಕ್ಕೇ ಬರುವ ಆಂಜೈನಾ, ಅಪಾಯದ ಗುಂಪಿನದು. ಅಂಥದ್ದು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಮುಂದಿನ ವಾರ ಮಾಸ್ಟರ್ ಹೆಲ್ತ್ ಚೆಕಪ್‌ಗೆ ಹೆಸರು ಬರೆಸಿದರೆ ಸಾಲದು.

‘ಇನ್ನೂ ಐವತ್ತೂ ಆಗಿಲ್ಲ’ ಎಂಬ ಸಮಾಧಾನವೂ ಇಲ್ಲಿ ನಡೆಯುವುದಿಲ್ಲ. ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆ ದೇಶಗಳವರಿಗಿಂತ ಸುಮಾರು ಐದಾರು ವರ್ಷ ಮುಂಚೆಯೇ ಆಗುತ್ತದೆ ಎಂಬುದನ್ನು ಇಂಟರ್‌ಹಾರ್ಟ್ ಎಂಬ ಬಹುದೇಶೀಯ ಅಧ್ಯಯನ ತೋರಿಸಿದೆ.

ಹಂತ 2: ಕುರ್ಚಿಯಲ್ಲಿ ಕೂತಾಗಲೇ ಬಂದರೆ, ಗಡಿಯಾರ ನೋಡಿ

ಮಂಗಳವಾರ ಬೆಳಿಗ್ಗೆ 9.40. ಸುರೇಶ್ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಮೆಟ್ಟಿಲಿಲ್ಲ, ಚೀಲವಿಲ್ಲ. ಆದರೂ ಹೊಟ್ಟೆಯ ಮೇಲ್ಭಾಗದಲ್ಲಿ ಅದೇ ಉರಿ, ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ. ಎಸಿ ಓಡುತ್ತಿದ್ದರೂ ಅಂಗಿಯ ಬೆನ್ನು ಒದ್ದೆ.

“ಗ್ಯಾಸ್ಟ್ರಿಕ್ ಇರ್ಬೇಕು ಬಿಡಿ ಸರ್. ತಿಂಡಿ ತಿಂದಿಲ್ಲ ಅಂದ್ರಲ್ಲ,” ಎಂದರು ಪಕ್ಕದ ಸೀಟಿನವರು. ಅಟೆಂಡರ್ ನಿಂಬೆ ಸೋಡಾ ತಂದ. ಕುಡಿದರು. ದೊಡ್ಡದಾಗಿ ತೇಗು ಬಂತು, ಉರಿ ಅರ್ಧ ಇಳಿದ ಹಾಗಾಯಿತು. “ನೋಡಿ, ನಾನು ಹೇಳಿಲ್ವಾ?”

ಈ ತೇಗು ಎಷ್ಟೋ ಜನರ ಜೀವಕ್ಕೆ ಎರವಾಗಿದೆ. ಸೋಡಾ ಕುಡಿದರೆ ಯಾರಿಗಾದರೂ ತೇಗು ಬರುತ್ತದೆ, ಆ ತೇಗಿಗೂ ಹೃದಯಕ್ಕೂ ಸಂಬಂಧವಿಲ್ಲ. ಹೃದಯಾಘಾತದ ನೋವು ಮೊದಲ ಗಂಟೆಗಳಲ್ಲಿ ತಾನಾಗಿಯೇ ಏರಿಳಿಯುತ್ತದೆ, ಏಕೆಂದರೆ ಹೆಪ್ಪುಗಟ್ಟಿದ ರಕ್ತ ನಾಳವನ್ನು ಒಮ್ಮೆ ಪೂರ್ತಿ ಮುಚ್ಚಿ, ಒಮ್ಮೆ ಸ್ವಲ್ಪ ಬಿಟ್ಟು, ಮತ್ತೆ ಮುಚ್ಚುವುದುಂಟು. ಬಿಟ್ಟ ಹೊತ್ತಿಗೆ ಸರಿಯಾಗಿ ಸೋಡಾ ಕುಡಿದಿದ್ದರೆ ಹೆಸರು ಸೋಡಾಕ್ಕೆ ಬರುತ್ತದೆ. ಆಂಟಾಸಿಡ್ ಕುಡಿದು ಕಡಿಮೆಯಾದರೆ ಆಸಿಡಿಟಿ, ಇಲ್ಲದಿದ್ದರೆ ಹೃದಯ ಎಂಬ ಪರೀಕ್ಷೆಯನ್ನು ಆಸ್ಪತ್ರೆಗಳೇ ನಂಬುವುದಿಲ್ಲ. ಮನೆಯಲ್ಲಿ ಅದನ್ನು ಮಾಡಿ ನೋಡುವುದು ಸಮಯ ಹಾಳು.

ಎರಡೂ ಒಂದೇ ಥರ ಅನ್ನಿಸುವುದಕ್ಕೆ ಕಾರಣವಿದೆ. ಹೃದಯದಿಂದ ಹೊರಡುವ ನೋವಿನ ನರಗಳೂ ಅನ್ನನಾಳದಿಂದ ಹೊರಡುವವೂ ಬೆನ್ನುಹುರಿಯ ಬಹುಪಾಲು ಅದೇ ಮಟ್ಟಕ್ಕೆ ಬಂದು ಸೇರುತ್ತವೆ. ಸುದ್ದಿ ಯಾವ ಅಂಗದಿಂದ ಬಂತು ಎಂದು ಮಿದುಳಿಗೆ ಸ್ಪಷ್ಟವಾಗಿ ತಿಳಿಯುವುದಿಲ್ಲ. ಅದರಲ್ಲೂ ಹೃದಯದ ಕೆಳಗೋಡೆ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಮೇಲೆಯೇ ಒರಗಿಕೊಂಡಿರುತ್ತದೆ. ಅಲ್ಲಿ ಆಘಾತವಾದರೆ ನೋವು ಹೊಟ್ಟೆಯ ಬಾಯಿಯಲ್ಲಿ ಕಾಣಿಸುತ್ತದೆ. ಜೊತೆಗೆ ವಾಕರಿಕೆ, ವಾಂತಿ, ಬಿಕ್ಕಳಿಕೆ ಕೂಡ. ಸುರೇಶ್ ಅವರಿಗೆ ಆಗುತ್ತಿದ್ದದ್ದು ಅದೇ.

ಹಾಗಾದರೆ ಆಫೀಸಿನಲ್ಲಿ ಕೂತು ಏನು ನೋಡಬೇಕು? ನೋವಿನ ಜೊತೆಗೆ ತಣ್ಣನೆಯ ಬೆವರು ಬಂತೇ? ದವಡೆ, ಗಂಟಲು, ಭುಜ, ಒಂದು ಅಥವಾ ಎರಡೂ ತೋಳು, ಬೆನ್ನು ಇವುಗಳಲ್ಲಿ ಎಲ್ಲಿಗಾದರೂ ಹರಡಿತೇ? ಉಸಿರು ಸಾಲದೆ ಹೋಯಿತೇ, ತಲೆ ಸುತ್ತಿತೇ, ವಾಂತಿಯಾಯಿತೇ? ಕಳೆದ ಕೆಲವು ದಿನದಲ್ಲಿ ಹತ್ತುವಾಗ ಇದೇ ಬಂದಿತ್ತೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಮುಂದೆ ಯೋಚಿಸುವುದು ಬೇಡ, ಹೊರಡಬೇಕು. ಇವೇನೂ ಇಲ್ಲದೆ ಬರೀ ಬಿಗಿತವೋ ಉರಿಯೋ ಇದ್ದರೂ, ಸುಮ್ಮನೆ ಕೂತಾಗಲೂ ಹದಿನೈದು ನಿಮಿಷ ದಾಟಿದರೆ ಹೊರಡಬೇಕು. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ ಎದೆನೋವು ಇಲ್ಲದೆಯೂ ಆಗುತ್ತದೆ: ಕಾರಣವಿಲ್ಲದ ವಿಪರೀತ ಸುಸ್ತು, ಏದುಸಿರು, ಬೆವರು, ವಾಂತಿ ಇಷ್ಟೇ ಇರಬಹುದು.

ಬೆರಳಿನಿಂದ ಒಂದೇ ಬಿಂದು ತೋರಿಸಬಲ್ಲ, ಒತ್ತಿದರೆ ಹೆಚ್ಚಾಗುವ, ಉಸಿರೆಳೆದರೆ ಚುಚ್ಚುವ ನೋವು ಹೃದಯದ್ದಾಗಿರುವ ಸಾಧ್ಯತೆ ಕಡಿಮೆ. ಕಡಿಮೆ, ಅಷ್ಟೆ. ಅದನ್ನು ಪೂರ್ತಿ ತಳ್ಳಿಹಾಕುವುದು ವೈದ್ಯರ ಕೆಲಸ.

ಸಹೋದ್ಯೋಗಿ ಒಬ್ಬರು ತಮ್ಮ ಸ್ಮಾರ್ಟ್ ವಾಚ್ ಬಿಚ್ಚಿ ಸುರೇಶ್ ಕೈಗೆ ಕಟ್ಟಿದರು. “ಇಸಿಜಿ ಸರಿಯಾಗೇ ಇದೆ ಸರ್!” ವಾಚು ಒಂದೇ ಕೋನದಿಂದ ಹೃದಯದ ಲಯ ನೋಡುತ್ತದೆ. ಹೃದಯಾಘಾತ ಹುಡುಕಲು ಹನ್ನೆರಡು ಲೀಡ್‌ಗಳ, ಅಂದರೆ ಹನ್ನೆರಡು ಕೋನಗಳಿಂದ ನೋಡುವ, ಇಸಿಜಿ ಬೇಕು. ವಾಚ್ ತಯಾರಕರೇ ಅದು ಹೃದಯಾಘಾತ ಪತ್ತೆಗೆ ಅಲ್ಲ ಎಂದು ಬರೆದಿರುತ್ತಾರೆ, ಆದರೆ ಅದನ್ನು ಓದುವವರು ಯಾರು!

ಹಂತ 3: ಗಾಡಿ ಬರುವವರೆಗಿನ ಹತ್ತು ನಿಮಿಷ

ನೋವು ಶುರುವಾದ ಸಮಯವನ್ನು ಚೀಟಿಯಲ್ಲಿ ಬರೆಯಿರಿ. ‘9.40’ ಎಂಬ ಈ ಒಂದು ಅಂಕಿಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕೇಳುತ್ತಾರೆ, ಚಿಕಿತ್ಸೆಯ ದಾರಿ ಅದರ ಮೇಲೆ ನಿಲ್ಲುತ್ತದೆ. 108ಕ್ಕೆ ಫೋನ್ ಮಾಡಿ ‘ಎದೆನೋವು, ಬೆವರು’ ಎಂದು ಸ್ಪಷ್ಟವಾಗಿ ಹೇಳಿ. ‘ಗ್ಯಾಸ್ಟ್ರಿಕ್ ಆಗಿದೆ ಅನ್ಸತ್ತೆ’ ಎಂದು ಶುರುಮಾಡಬೇಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ತಡವಾಗುತ್ತದೆ ಎಂದು ಖಚಿತವಾದರೆ ಕಾರಿನಲ್ಲಿ ಕರೆದೊಯ್ಯಬಹುದು, ಆದರೆ ರೋಗಿ ಗಾಡಿ ಓಡಿಸಬಾರದು, ಬೈಕಿನ ಹಿಂದೆ ಕೂರಬಾರದು, ಒಬ್ಬರೇ ಆಟೋ ಹತ್ತಬಾರದು. ಮೆಟ್ಟಿಲು ಇಳಿಸಬೇಡಿ, ಲಿಫ್ಟ್ ಇಲ್ಲದಿದ್ದರೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿ.

ಆಸ್ಪಿರಿನ್: ಅಲರ್ಜಿ ಇಲ್ಲದಿದ್ದರೆ, ಹೊಟ್ಟೆಯಲ್ಲಾಗಲಿ ಬೇರೆಲ್ಲಾದರೂ ಆಗಲಿ ಈಗ ರಕ್ತಸ್ರಾವ ಇಲ್ಲದಿದ್ದರೆ, ಮಿದುಳಿನ ರಕ್ತಸ್ರಾವ ಹಿಂದೆ ಆಗಿಲ್ಲದಿದ್ದರೆ, ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗಿಸಬೇಕು. ನೀರಿನಲ್ಲಿ ಕರಗುವ 325ರ ಮಾತ್ರೆಯಾದರೆ ಒಂದು. ರಕ್ತ ತೆಳುಮಾಡಲು ದಿನಾ ತೆಗೆದುಕೊಳ್ಳುವ 75ರದ್ದಾದರೆ ನಾಲ್ಕು. ಜಗಿಯಲೇಬೇಕು, ಏಕೆಂದರೆ ಆ ಚಿಕ್ಕ ಮಾತ್ರೆಗೆ ಹೊಟ್ಟೆಯಲ್ಲಿ ಕರಗದ ಹೊದಿಕೆ ಇರುತ್ತದೆ, ಹಾಗೇ ನುಂಗಿದರೆ ಕೆಲಸ ತಡ. ಬೆನ್ನು ಸೀಳಿದ ಹಾಗೆ ಒಮ್ಮೆಲೇ ಬಂದ ನೋವಾಗಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತಿದ್ದರೆ ಕೊಡಬೇಡಿ. ಗೊಂದಲವಿದ್ದರೆ ಫೋನಿನಲ್ಲಿರುವ ಸಿಬ್ಬಂದಿಯನ್ನೇ ಕೇಳಿ. ಪ್ಯಾರಾಸಿಟಮಾಲ್, ಡೈಕ್ಲೋಫಿನಾಕ್ ಇದಕ್ಕೆ ಬದಲಿಯಲ್ಲ.

ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಬಗ್ಗೆ ಎಚ್ಚರ ಬೇಕು. ‘ಪರ್ಸಿನಲ್ಲಿ ಇಟ್ಟುಕೊಳ್ಳಿ, ಎದೆನೋವು ಬಂದ ಯಾರಿಗಾದರೂ ಕೊಡಿ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ವೈದ್ಯರು ಅವರಿಗೇ ಬರೆದುಕೊಟ್ಟಿಲ್ಲದಿದ್ದರೆ ಕೊಡಬೇಡಿ. ಕೆಳಗೋಡೆಯ ಆಘಾತದಲ್ಲಿ ಹಲವು ಸಲ ಹೃದಯದ ಬಲಭಾಗವೂ ಸೋತಿರುತ್ತದೆ. ಆಗ ಈ ಮಾತ್ರೆ ಬಿಪಿಯನ್ನು ಪಾತಾಳಕ್ಕೆ ಇಳಿಸಬಲ್ಲದು. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ನುಂಗಿದವರಿಗೂ ಹಾಗೆಯೇ. ಜೋರಾಗಿ ಕೆಮ್ಮಿದರೆ ಹೃದಯಾಘಾತ ತಪ್ಪುತ್ತದೆ ಎಂಬ ಮತ್ತೊಂದು ಸಂದೇಶ ಸುಳ್ಳು.

ಅಲ್ಲೇ ಕುಸಿದು, ಕರೆದರೆ ಓಗೊಡದೆ, ಉಸಿರಾಟ ಇಲ್ಲದಿದ್ದರೆ ಅಥವಾ ಎಲ್ಲೋ ಒಮ್ಮೆ ಗೊರಕೆಯಂತೆ ಬರುತ್ತಿದ್ದರೆ ಹೃದಯ ನಿಂತಿದೆ ಎಂದೇ ತಿಳಿದು ಎದೆಯ ನಡುವೆ ಎರಡೂ ಅಂಗೈ ಇಟ್ಟು, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರ ಕಟ್ಟಡದಲ್ಲಿದ್ದರೆ ಯಾರನ್ನಾದರೂ ಓಡಿಸಿ ತರಿಸಿ. ಏನು ಮಾಡಬೇಕೆಂದು ಅದೇ ಮಾತಾಡಿ ಹೇಳುತ್ತದೆ.

ಹಂತ 4: ಎಲ್ಲಿಗೆ ಹೋಗಬೇಕು, ಹೋಗಿ ಏನು ಹೇಳಬೇಕು

ಸುರೇಶ್ ಮಾಡಿದ್ದು ಹೀಗೆ: 11.10ಕ್ಕೆ, ಅಂದರೆ ಒಂದೂವರೆ ಗಂಟೆಯ ನಂತರ, ಆಫೀಸಿನ ಪಕ್ಕದ ಕ್ಲಿನಿಕ್ಕಿಗೆ ನಡೆದು ಹೋದರು. “ಡಾಕ್ಟ್ರೇ, ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ, ಒಂದು ಇಂಜೆಕ್ಷನ್ ಕೊಟ್ಬಿಡಿ.” ರೋಗಿಯೇ ರೋಗದ ಹೆಸರನ್ನೂ ಔಷಧಿಯನ್ನೂ ಹೇಳಿದರೆ, ಕಿಕ್ಕಿರಿದ ಕ್ಲಿನಿಕ್ಕಿನಲ್ಲಿ ಹತ್ತರಲ್ಲಿ ಒಂಬತ್ತು ಸಲ ಅದೇ ಸಿಗುತ್ತದೆ. ಆಸಿಡಿಟಿಯ ಔಷಧಿ ಪ್ಯಾಂಟೊಪ್ರಜೋಲ್ ಸಿಕ್ಕಿತು. ಆದರೂ ವೈದ್ಯರಿಗೆ ಬೆವರು ನೋಡಿ ಅನುಮಾನ ಬಂದು, ಪಕ್ಕದ ಲ್ಯಾಬಿನಲ್ಲಿ ಇಸಿಜಿ ಮಾಡಿಸಿ ಎಂದರು. ಅದರ ಕತೆ ಮುಂದೆ.

ಹೇಳಬೇಕಾದ್ದು ರೋಗದ ಹೆಸರನ್ನಲ್ಲ, ಲಕ್ಷಣವನ್ನು: “9.40ರಿಂದ ಎದೆ ಬಿಗಿತ, ತುಂಬ ಬೆವರು. ಎರಡು ದಿನದಿಂದ ಮೆಟ್ಟಿಲು ಹತ್ತುವಾಗ ಬರ್ತಿತ್ತು. ಮೊದಲು ಇಸಿಜಿ ತೆಗೀರಿ.” ಎದೆನೋವಿನಿಂದ ಬಂದವರಿಗೆ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ ತೆಗೆದು ವೈದ್ಯರು ನೋಡಬೇಕು ಎಂಬುದು ಎಲ್ಲೆಡೆ ಒಪ್ಪಿದ ನಿಯಮ. ಬಿಲ್ ಕೌಂಟರಿನ ಸಾಲಿನಲ್ಲಿ ನಿಂತಿದ್ದರೆ ಇದನ್ನು ನೆನಪಿಸಿ, ಸಂಕೋಚ ಬೇಡ.

ನಗರದಲ್ಲಿದ್ದರೆ ಕ್ಲಿನಿಕ್ಕು, ನರ್ಸಿಂಗ್ ಹೋಮು ದಾಟಿ, ದಿನದ ಇಪ್ಪತ್ತನಾಲ್ಕು ಗಂಟೆಯೂ ಆಂಜಿಯೋಪ್ಲಾಸ್ಟಿ, ಅಂದರೆ ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ, ಮಾಡುವ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ನಿಮ್ಮ ಆಫೀಸಿಗೂ ಮನೆಗೂ ಹತ್ತಿರ ಅಂಥದ್ದು ಯಾವುದಿದೆ ಎಂದು ಈವತ್ತೇ ನೋಡಿಟ್ಟುಕೊಳ್ಳಿ. ಕ್ಯಾಥ್ ಲ್ಯಾಬ್ ದೂರವಿರುವ ಊರಿನಲ್ಲಿ ಅಂಥ ಆಸ್ಪತ್ರೆ ಹುಡುಕಿಕೊಂಡು ಮೂರು ಗಂಟೆ ಪ್ರಯಾಣ ಮಾಡುವುದು ತಪ್ಪು. ತಾಲ್ಲೂಕು ಆಸ್ಪತ್ರೆಯೇ ಸರಿ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸಿ, ಅವರು ಹೌದೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲದಿದ್ದರೆ ಈ ಚುಚ್ಚುಮದ್ದೇ ಮೊದಲ ಆಯ್ಕೆ. ನೋವು ಶುರುವಾಗಿ ಹನ್ನೆರಡು ಗಂಟೆಯವರೆಗೆ ಕೊಡುತ್ತಾರೆ, ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟದ್ದರ ಫಲ ಆಮೇಲಿನದಕ್ಕಿಲ್ಲ. ಕೊಟ್ಟ ಮೇಲೂ ದೊಡ್ಡ ಆಸ್ಪತ್ರೆಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸಲೇಬೇಕು.

ಹಂತ 5: ‘ಇಸಿಜಿ ನಾರ್ಮಲ್’ ಎಂದಾಗ

11.50ಕ್ಕೆ ಲ್ಯಾಬಿನ ಯಂತ್ರ ಕಾಗದದ ಮೇಲ್ತುದಿಯಲ್ಲಿ ‘ನಾರ್ಮಲ್’ ಎಂದು ಅಚ್ಚು ಹಾಕಿತು. ಆ ಹೊತ್ತಿಗೆ ನೋವೂ ತುಸು ಇಳಿದಿತ್ತು. ಸುರೇಶ್ ಕಾಗದವನ್ನು ವೈದ್ಯರಿಗೆ ತೋರಿಸಲು ವಾಪಸ್ ಹೋಗಲಿಲ್ಲ. ಮಡಿಸಿ ಜೇಬಿಗಿಟ್ಟು ಹೆಂಡತಿಗೆ ಫೋನ್ ಮಾಡಿದರು, “ಏನೂ ಇಲ್ವಂತೆ ಕಣೇ,” ಎಂದು. ಮತ್ತೆ ಸೀಟಿಗೆ.

ಇಡೀ ಕತೆಯಲ್ಲಿ ಅತಿ ದುಬಾರಿಯಾದ ಗಳಿಗೆ ಇದು. ಇಸಿಜಿ ಅನ್ನುವುದು ಆ ಹತ್ತು ಸೆಕೆಂಡಿನ ಚಿತ್ರ. ನಾಳ ಆ ಕ್ಷಣಕ್ಕೆ ಸ್ವಲ್ಪ ತೆರೆದಿದ್ದರೆ, ಅಥವಾ ಆಘಾತ ಹೃದಯದ ಹಿಂಗೋಡೆಯಲ್ಲಿದ್ದರೆ, ಮೊದಲ ಇಸಿಜಿಯಲ್ಲಿ ಏನೂ ಕಾಣದಿರಬಹುದು. ಹಾಗಾಗಿ ನೋವು ಇನ್ನೂ ಇದ್ದರೆ ಅಥವಾ ಬಂದು ಹೋಗುತ್ತಿದ್ದರೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಇಸಿಜಿಯನ್ನು ಮತ್ತೆ ತೆಗೆಯುತ್ತಾರೆ. ಅನುಮಾನವಿದ್ದರೆ ಬೆನ್ನಿನ ಕಡೆಗೂ ಎದೆಯ ಬಲಕ್ಕೂ ಲೀಡ್ ಇಟ್ಟು ನೋಡುತ್ತಾರೆ. ಯಂತ್ರ ಅಚ್ಚು ಹಾಕಿದ ಪದವನ್ನು ನಂಬದೆ, ವೈದ್ಯರ ಕಣ್ಣಿನಿಂದಲೇ ಓದಿಸಬೇಕು. ಹಳೆಯ ಇಸಿಜಿ ಮನೆಯಲ್ಲಿದ್ದರೆ ಅದರ ಫೋಟೋ ತರಿಸಿ. ಹೋಲಿಸಿದಾಗ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ.

ಟ್ರೊಪೋನಿನ್ ರಕ್ತಪರೀಕ್ಷೆಗೂ ಹೀಗೇ ಒಂದು ಮಿತಿ. ಸ್ನಾಯು ಸಾಯಲು ಶುರುವಾದ ಮೇಲೆಯೇ ಅದು ರಕ್ತಕ್ಕೆ ಬರುವುದು, ಸಾಮಾನ್ಯ ಕಾರ್ಡ್ ಪರೀಕ್ಷೆಯಲ್ಲಿ ಕಾಣಿಸಲು ಹಲವು ಗಂಟೆ ಬೇಕು. ನೋವು ಶುರುವಾದ ಒಂದು ಗಂಟೆಗೆ ಮಾಡಿಸಿ ‘ನೆಗೆಟಿವ್’ ಬಂದರೆ ಅದು ಬಿಡುಗಡೆಯ ಪತ್ರವಲ್ಲ. ಅತಿ ಸೂಕ್ಷ್ಮ ಟ್ರೊಪೋನಿನ್ ಇದ್ದ ಕಡೆ ಒಂದರಿಂದ ಮೂರು ಗಂಟೆ ಬಿಟ್ಟು ಎರಡನೇ ಸಲ ಮಾಡುತ್ತಾರೆ, ಹಳೆಯ ಬಗೆಯಾದರೆ ಇನ್ನೂ ತಡವಾಗಿ. ಮನೆಗೆ ಹೋಗಿ ಎಂದಾಗ ಕೇಳಬೇಕಾದ ಪ್ರಶ್ನೆ: “ಎರಡನೇ ಇಸಿಜಿ, ಎರಡನೇ ಟ್ರೊಪೋನಿನ್ ಆಯ್ತಾ ಡಾಕ್ಟ್ರೇ?” ವಿನಯದಿಂದಲೇ ಕೇಳಿ, ಉತ್ತರ ಸಿಗುವವರೆಗೆ ಏಳಬೇಡಿ. ಒಂದು ವಿನಾಯಿತಿ: ಇಸಿಜಿಯಲ್ಲೇ ದೊಡ್ಡ ಆಘಾತ ಕಂಡರೆ ಟ್ರೊಪೋನಿನ್‌ಗೆ ಯಾರೂ ಕಾಯುವುದಿಲ್ಲ, ಕಾಯಲೂಬಾರದು.

ಹಂತ 6: ರೋಗ ಪತ್ತೆಯಾದ ಮೇಲೆ ಮನೆಯವರ ಪಾಲಿನ ಕೆಲಸ

1.15ಕ್ಕೆ ಊಟದ ಡಬ್ಬಿ ತೆರೆದವರೇ ಸುರೇಶ್ ವಾಂತಿ ಮಾಡಿಕೊಂಡರು. ದವಡೆ ಹಿಡಿದ ಹಾಗೆ ನೋವು, ಮುಖ ಬಿಳಿಚಿಕೊಂಡಿತು. ಈ ಸಲ ಯಾರೂ ಸೋಡಾ ತರಲಿಲ್ಲ. 2.00ಕ್ಕೆ ದೊಡ್ಡ ಆಸ್ಪತ್ರೆ, 2.06ಕ್ಕೆ ಇಸಿಜಿ. ಎರಡು, ಮೂರು ಮತ್ತು ಎವಿಎಫ್ ಎಂಬ ಮೂರು ಲೀಡ್‌ಗಳಲ್ಲಿ ಗೆರೆ ಗೋಪುರದಂತೆ ಎದ್ದಿತ್ತು. ಕೆಳಗೋಡೆಯ ಹೃದಯಾಘಾತ. ನಾಡಿ ನಿಮಿಷಕ್ಕೆ 48, ಬಿಪಿ ಕಡಿಮೆ.

ಇಲ್ಲಿಂದ ಆಸ್ಪತ್ರೆಯ ಗಡಿಯಾರ ಓಡುತ್ತದೆ. ಬಾಗಿಲು ದಾಟಿದ ತೊಂಬತ್ತು ನಿಮಿಷದೊಳಗೆ ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವುದು ಗುರಿ. ಮನೆಯವರ ಮುಂದೆ ಒಪ್ಪಿಗೆ ಪತ್ರ ಬರುತ್ತದೆ, ಮತ್ತು ಸಮಯ ಸೋರುವುದು ಸಾಮಾನ್ಯವಾಗಿ ಈ ಪತ್ರದ ಮುಂದೆಯೇ: ಊರಿನಿಂದ ಭಾವ ಬರಲಿ, ಇಸಿಜಿಯನ್ನು ಪರಿಚಯದ ಡಾಕ್ಟರಿಗೆ ವಾಟ್ಸಾಪ್ ಮಾಡೋಣ, ಅವರು ಫೋನ್ ಎತ್ತುತ್ತಿಲ್ಲ... ಎರಡನೇ ಅಭಿಪ್ರಾಯ ಕೇಳುವುದು ಒಳ್ಳೆಯ ಪದ್ಧತಿಯೇ. ನಾಳ ಪೂರ್ತಿ ಮುಚ್ಚಿದ ಹೃದಯಾಘಾತದಲ್ಲಿ ಮಾತ್ರ ಅದಕ್ಕೆ ಹೊತ್ತಿಲ್ಲ. ಸುರೇಶ್ ಅವರ ಹೆಂಡತಿ ಆಟೋದಲ್ಲಿ ಬರುತ್ತಿದ್ದಾಗಲೇ ಫೋನಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. “ನಾಳ ಪೂರ್ತಿ ಮುಚ್ಚಿದ್ಯಾ? ಈಗಲೇ ಮಾಡ್ಲೇಬೇಕಾ?” ಎರಡಕ್ಕೂ ಹೌದು ಎಂದರು ವೈದ್ಯರು. ಸುರೇಶ್ ತಾವೇ ಸಹಿ ಹಾಕಿದರು. ವಿಮೆಯ ಕಾರ್ಡು, ಆಯುಷ್ಮಾನ್ ಕಾರ್ಡು, ಆಧಾರ್ ಇವನ್ನೆಲ್ಲ ಆಮೇಲೆ ತರಬಹುದು. ರೋಗಿಯ ಅಲರ್ಜಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಈವತ್ತು ಆಸ್ಪಿರಿನ್ ಕೊಟ್ಟಿದ್ದೀರಾ ಇಲ್ಲವೇ ಎಂಬುದು ಮಾತ್ರ ಆಗಲೇ ಹೇಳಬೇಕು.

3.05ಕ್ಕೆ ಬಲ ರಕ್ತನಾಳ ತೆರೆಯಿತು, ಒಂದು ಸ್ಟೆಂಟ್ ಕೂತಿತು. ಆಸ್ಪತ್ರೆಯೊಳಗೆ ಕಳೆದದ್ದು ಒಂದು ಗಂಟೆ ಐದು ನಿಮಿಷ, ಹೊರಗೆ ಕಳೆದದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಕೆಳಗೋಡೆಯ ಒಂದು ಭಾಗ ಸರಿಯಾಗಿ ಅಲುಗುತ್ತಿಲ್ಲ ಎಂದು ಬಂತು. ಅದರಲ್ಲಿ ಒಂದಿಷ್ಟು ವಾರಗಳಲ್ಲಿ ಚೇತರಿಸಿಕೊಳ್ಳಬಹುದು, ಸತ್ತ ಸ್ನಾಯು ಮಾತ್ರ ಮತ್ತೆ ಹುಟ್ಟುವುದಿಲ್ಲ.

ಹಂತ 7: ಮನೆಗೆ ಬಂದ ಮೇಲೆ ಮತ್ತೆ ಉರಿ ಬಂದರೆ

ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪಿರಿನ್ ಮತ್ತು ಇನ್ನೊಂದು ರಕ್ತ ತೆಳುಮಾಡುವ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ಇನ್ನೂ ಎರಡು ಮೂರು ಮಾತ್ರೆ ಇದ್ದವು. ಕೊನೆಯ ಸಾಲಿನಲ್ಲಿ ಪ್ಯಾಂಟೊಪ್ರಜೋಲ್! ಎರಡೆರಡು ರಕ್ತ ತೆಳುಮಾಡುವ ಮಾತ್ರೆಗಳಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಎಂದು ಅದನ್ನು ಕೊಡುತ್ತಾರೆ. ಅದರ ಬದಲು ಅಂಗಡಿಯಲ್ಲಿ ಒಮೆಪ್ರಜೋಲ್ ಕೊಟ್ಟರೆ ಕೇಳದೆ ತೆಗೆದುಕೊಳ್ಳಬೇಡಿ. ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಅದರ ಶಕ್ತಿಯನ್ನು ಒಮೆಪ್ರಜೋಲ್ ತಗ್ಗಿಸುತ್ತದೆ. ಎರಡು ರಕ್ತ ತೆಳುಮಾಡುವ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಮುಂದುವರಿಸುತ್ತಾರೆ. ಹಲ್ಲು ಕೀಳಿಸಲೆಂದೋ ಆರಾಮಾಗಿದೆ ಎಂದೋ ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು, ಅದು ಮೊದಲ ಆಘಾತಕ್ಕಿಂತ ಕೆಟ್ಟದ್ದು.

ಇನ್ನು ಎದೆ ಉರಿ. ಹಳೆಯ ಆಸಿಡಿಟಿ ಎಲ್ಲೂ ಹೋಗಿರುವುದಿಲ್ಲ, ಮದುವೆ ಊಟ ಉಂಡ ರಾತ್ರಿ ಅದು ಬಂದೇ ಬರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ಆಗ ಗಾಬರಿಪಡುವುದು ಸಹಜ, ಆದರೆ ನಿಯಮ ಹಿಂದಿನದೇ. ನಡೆದಾಗ ಬಂತೇ, ಬೆವರಿತೇ, ಮೊದಲ ಸಲ ಆದ ಹಾಗೇ ಇದೆಯೇ? ಹೌದಾದರೆ ಕೂತುಕೊಳ್ಳಿ. ವೈದ್ಯರು ನಿಮಗೇ ಬರೆದುಕೊಟ್ಟ ನಾಲಿಗೆಯಡಿಯ ಮಾತ್ರೆ ಇದ್ದರೆ, ಬಿಪಿ ಕಡಿಮೆ ಇಲ್ಲದಿದ್ದರೆ, ಒಂದನ್ನು ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ಹೋಗದಿದ್ದರೆ 108. ಹೋದರೂ ಅದೇ ದಿನ ಇಸಿಜಿ ಮಾಡಿಸಿ, ಡಿಸ್ಚಾರ್ಜ್ ದಿನದ ಇಸಿಜಿಯ ಪಕ್ಕ ಇಟ್ಟು ವೈದ್ಯರಿಗೆ ತೋರಿಸಿ. ಆ ಹಳೆಯ ಕಾಗದದ ಫೋಟೋ ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಉಷ್ಣಕಾಗದದ ಅಚ್ಚು ಕೆಲವು ವರ್ಷದಲ್ಲಿ ಮಾಸಿಹೋಗುತ್ತದೆ.